ಬಚ್ಚಲೊಲೆ ಮತ್ತು ಪೆಟ್ರೋಲ್ ಕ್ಯಾನ್

ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ನಾಲ್ಕು ತಿಂಗಳು ಹೆಚ್ಚುಕಡಿಮೆ ಆರದೇ ಇರುವ ಬೆಂಕಿ ಬಚ್ಚಲೊಲೆಯದು. ಬೆಳಗಿನ ಹಂಡೆ ನೀರು ಕಾದ ಮೇಲೂ ಬೂದಿಯ ಕೆಳಗೆ ಕೆಂಡ ಉಳಿದಿರುತ್ತದೆ. ಸಂಜೆ ಅದನ್ನು ಕೆದಕಿ ಎರಡು ಸೋಗೆಯ ತುಂಡು ಹಾಕಿದರೆ ಮತ್ತೆ ಉರಿ ಏಳುತ್ತದೆ. ಒದ್ದೆ ಬಟ್ಟೆ, ಒದ್ದೆ ಕಂಬಳಿ, ಒಣಗದ ಕಟ್ಟಿಗೆ ಎಲ್ಲವೂ ಅದರ ಸುತ್ತ ಬಂದು ಸೇರುತ್ತವೆ. ಈಚಿನ ವರ್ಷಗಳಲ್ಲಿ ಆ ಮೂಲೆಗೆ ಇನ್ನೊಂದು ವಸ್ತುವೂ ಬಂದು ಕೂತಿದೆ. ಅದು ಜನರೇಟರಿಗೆಂದು ತಂದಿಟ್ಟ ಪೆಟ್ರೋಲಿನ ಕ್ಯಾನ್. ಮಳೆ ತಾಗದ ಜಾಗ, ಯಾರೂ ಎಡವದ ಜಾಗ ಎಂದು ಅಲ್ಲಿ ಇಟ್ಟಿರುತ್ತಾರೆ. ಇಡೀ ಮನೆಯಲ್ಲಿ ಅದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ.

ಶಿರಸಿ ತಾಲೂಕಿನ ಹುಲಗೋಳ, ಸಹಸ್ರಲಿಂಗದ ಆಸುಪಾಸಿನ ಅಡಿಕೆ ಸೀಮೆ. ಶಾಲ್ಮಲೆಯ ಈ ಕಣಿವೆಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ತೋಟದ ತಲೆಯಲ್ಲೊಂದು, ಬೆಟ್ಟದ ಬುಡದಲ್ಲೊಂದು ಎಂಬಂತೆ ಚದುರಿವೆ. ವಿದ್ಯುತ್ ತಂತಿ ಕಾಡು ದಾಟಿಯೇ ಬರಬೇಕು. ಜೂನ್ ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೂ ಸಾಕು, ಲೈನ್‌ಮನ್ ಅದನ್ನು ಹುಡುಕಿ, ಕಡಿಸಿ, ತಂತಿ ಎಳೆಯುವವರೆಗೆ ಕತ್ತಲು. ಹಾಗಾಗಿ ಇಲ್ಲಿ ಜನರೇಟರ್ ಶೋಕಿಯ ವಸ್ತುವಲ್ಲ. ಮದ್ದು ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಯಂತ್ರಗಳಿಂದಾಗಿ ಪೆಟ್ರೋಲ್ ಅಡಿಕೆ ಬೆಳೆಗಾರರ ಮನೆಗೆ ಮೊದಲೇ ಬಂದಿತ್ತು. ಜನರೇಟರ್ ಬಂದ ಮೇಲೆ ಅದರ ಪ್ರಮಾಣ ಹೆಚ್ಚಿತು, ಅಷ್ಟೆ.

ದಾಸ್ತಾನು ಬೇಕೆನ್ನುವುದಕ್ಕೂ ಕಾರಣವಿದೆ. 2021ರ ಜುಲೈ ಕೊನೆಯ ಮಳೆಗೆ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡಗಳೇ ಜಾರಿದವು. ಅದೇ ಮಳೆಯಲ್ಲಿ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಅರಬೈಲ್ ಘಟ್ಟದ ರಸ್ತೆ ಕುಸಿಯಿತು. ಅಂಥ ಹೊತ್ತಿನಲ್ಲಿ ಕರೆಂಟು ಹೋಗುವುದು ಮತ್ತು ಪೆಟ್ರೋಲ್ ಬಂಕಿಗೆ ಹೋಗುವ ದಾರಿ ಮುಚ್ಚುವುದು ಒಟ್ಟಿಗೇ ಆಗುತ್ತದೆ. ಪೆಟ್ರೋಲ್ ಇಟ್ಟುಕೊಳ್ಳಲೇಬಾರದು ಎನ್ನುವುದು ಪೇಟೆಯ ಮಾತಾದೀತು. ಎಷ್ಟು, ಯಾವುದರಲ್ಲಿ, ಎಲ್ಲಿ, ಎಷ್ಟು ದಿನ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಮೊದಲು ಬಚ್ಚಲಿನ ಲೆಕ್ಕ. ಉರಿಯುವುದು ಪೆಟ್ರೋಲಿನ ದ್ರವವಲ್ಲ, ಅದರ ಆವಿ. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆಗೂ ಅದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಸಾಮಾನ್ಯ ಸೆಕೆಯಲ್ಲಿ ಸೀಮೆಎಣ್ಣೆಗೆ ಕಡ್ಡಿ ಗೀರಿದರೂ ಬತ್ತಿಯಿಲ್ಲದೆ ಸುಲಭಕ್ಕೆ ಹೊತ್ತುವುದಿಲ್ಲ. ಮೂರು ತಲೆಮಾರು ಸೀಮೆಎಣ್ಣೆ ಡಬ್ಬವನ್ನು ಅಡುಗೆಮನೆಯಲ್ಲಿಟ್ಟು ಬದುಕಿದ ಮನೆಗಳು ಪೆಟ್ರೋಲನ್ನೂ ಅದೇ ಸಲಿಗೆಯಿಂದ ಕಾಣುವುದು ಸಹಜ. ಆದರೆ ಆ ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ.

ಒಂದು ಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಸುಮಾರು 180 ಲೀಟರ್ ಆವಿಯಾಗುತ್ತದೆ. ಗಾಳಿಯಲ್ಲಿ ಈ ಆವಿ ನೂರಕ್ಕೆ ಒಂದೂವರೆ ಪಾಲಿನಷ್ಟು ಸೇರಿದರೆ ಸಾಕು, ಕಿಡಿ ತಾಗಿದೊಡನೆ ಭಗ್ಗೆನ್ನುತ್ತದೆ. ಅಂದರೆ ಆ ಒಂದು ಲೀಟರು ಹನ್ನೆರಡು ಘನ ಮೀಟರಿನಷ್ಟು ಗಾಳಿಯನ್ನು ಹೊತ್ತಿಕೊಳ್ಳುವ ಹದಕ್ಕೆ ತರಬಲ್ಲದು. ಎಂಟು ಅಡಿ ಉದ್ದ, ಏಳು ಅಡಿ ಅಗಲ, ಎಂಟು ಅಡಿ ಎತ್ತರದ ಬಚ್ಚಲುಮನೆಯಲ್ಲಿ ಹಿಡಿಸುವುದು ಹೆಚ್ಚುಕಡಿಮೆ ಅಷ್ಟೇ ಗಾಳಿ. ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಕೋಣೆ ತುಂಬ ಹರಡದೆ ನೆಲದ ಮೇಲೆ ನೀರಿನಂತೆ ಹರಿಯುತ್ತದೆ. ನೆಲದಿಂದ ಒಂದಡಿ ಎತ್ತರದವರೆಗಷ್ಟೇ ಅದು ನಿಂತಿತು ಎಂದುಕೊಂಡರೆ ಎಂಟನೇ ಒಂದು ಪಾಲು ಪೆಟ್ರೋಲ್ ಸಾಕು. ಅದು ಒಂದು ಸಣ್ಣ ಲೋಟದಷ್ಟು. ಒಲೆಯ ಬಾಯಿ ಇರುವುದೂ ನೆಲಮಟ್ಟದಲ್ಲೇ. ಬಾಗಿಲಾಚೆ ಚೆಲ್ಲಿದ ಪೆಟ್ರೋಲಿನ ಆವಿ ಹೊಸಿಲು ದಾಟಿ ಕೆಂಡವನ್ನು ಮುಟ್ಟಿದರೆ, ಉರಿ ಬಂದ ದಾರಿಯಲ್ಲೇ ಹಿಂದಿರುಗಿ ಕ್ಯಾನಿನ ಬಾಯಿಗೆ ತಲುಪುತ್ತದೆ.

ಈ ಆವಿ ಕಣ್ಣಿಗೆ ಕಾಣುವುದಿಲ್ಲ. ವಾಸನೆ ಬರುವುದೇನೋ ನಿಜ. ಆದರೆ ನಿಂತವನ ಮೂಗು ಐದಡಿ ಮೇಲಿರುತ್ತದೆ.

ಹೀಗಿರುವಾಗ ಜಾಗದ ಆಯ್ಕೆಯನ್ನು ನೀರು ಹರಿಯುವ ದಿಕ್ಕು ನೋಡಿ ಮಾಡಬೇಕು. ಇಲ್ಲಿಯ ಮನೆಗಳು ಇಳಿಜಾರಿನಲ್ಲಿವೆ, ಮೇಲೆ ಬೆಟ್ಟ, ಕೆಳಗೆ ತೋಟ. ಪೆಟ್ರೋಲಿನ ಮಾಡು ಮನೆಗಿಂತ ಕೆಳಗಿನ ಬದಿಗಿರಬೇಕು. ಮೇಲಿನ ಬದಿಯಲ್ಲಿಟ್ಟರೆ ಸೋರಿದ ಆವಿ ಅಂಗಳಕ್ಕೆ ಇಳಿದು ಬರುತ್ತದೆ. ಒಲೆ, ದೀಪ, ಸ್ವಿಚ್ಚುಗಳಿಂದ ಹದಿನೈದು ಮೀಟರ್ ದೂರವಿದ್ದರೆ ಒಳ್ಳೆಯದು. ಬಾವಿಯ ಮೇಲ್ಭಾಗ ಬೇಡ, ಹಳ್ಳದ ಅಂಚೂ ಬೇಡ. ಮಾಡಿಗೆ ಬಿಸಿಲು ಮಳೆ ತಡೆಯುವ ಹೆಂಚಿದ್ದು, ನೆಲಮಟ್ಟದಲ್ಲಿ ಗಾಳಿ ಆಡುವ ಕಿಂಡಿ ಇದ್ದರೆ ಸಾಕು. ನಾಲ್ಕು ಕಡೆ ಗೋಡೆ ಕಟ್ಟಿ ಮೇಲೆ ಮಾತ್ರ ಕಿಂಡಿ ಬಿಟ್ಟರೆ ಆವಿ ಒಳಗೇ ಕೆರೆಯಂತೆ ನಿಲ್ಲುತ್ತದೆ. ಹುಲ್ಲು ತುಂಬಿದ ಕೊಟ್ಟಿಗೆಯ ಅಟ್ಟ, ಅಡಿಕೆ ಚೀಲ ಪೇರಿಸಿದ ಮಾಳಿಗೆ ಇವನ್ನು ಮನಸ್ಸಿಗೇ ತರಬಾರದು.

ಇನ್ನು ಪಾತ್ರೆಯ ವಿಚಾರ. ಭಾರತದ ಪೆಟ್ರೋಲಿಯಂ ಕಾಯ್ದೆ 1934ರದು. ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ 30 ಲೀಟರಿನವರೆಗೆ ಪೆಟ್ರೋಲ್ ಇಟ್ಟುಕೊಳ್ಳಲು ಪರವಾನಗಿ ಬೇಡ ಎಂದು ಅದು ಹೇಳುತ್ತದೆ. ಅದೇ ಉಸಿರಿನಲ್ಲಿ ಪಾತ್ರೆ ಹೇಗಿರಬೇಕೆಂಬುದನ್ನೂ ಹೇಳುತ್ತದೆ: ಬಾಯಿ ಭದ್ರವಾಗಿ ಮುಚ್ಚಿರಬೇಕು, ಗಾಜು ಅಥವಾ ಪಿಂಗಾಣಿಯದಾದರೆ ಒಂದು ಲೀಟರ್ ಮೀರಬಾರದು, ಲೋಹದ್ದಾದರೆ 25 ಲೀಟರ್ ಮೀರಬಾರದು. ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ ಇಲ್ಲ. ಇದಕ್ಕೊಂದು ಸ್ವಾರಸ್ಯಕರ ಹಿನ್ನೆಲೆಯಿದೆ. ಇಂದು ಕ್ಯಾನು, ಕೊಡ, ಬಕೆಟ್ಟುಗಳೆಲ್ಲ ಆಗುವ ಪಾಲಿಥೀನ್ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಅಕಸ್ಮಾತ್ತಾಗಿ ರೂಪುಗೊಂಡದ್ದು 1933ರಲ್ಲಿ. ಕಾಯ್ದೆ ಬರೆಯುವಾಗ ಅದಿನ್ನೂ ವರ್ಷದ ಕೂಸು. ಹಾಗೆಂದು ಕಾಯ್ದೆ ಹಳತು, ಬಿಟ್ಟುಬಿಡೋಣ ಎನ್ನುವಂತಿಲ್ಲ. ಪ್ಲಾಸ್ಟಿಕ್ಕಿಗೂ ಪೆಟ್ರೋಲಿಗೂ ಇರುವ ನಂಟನ್ನು ನೋಡಿದರೆ ಲೋಹ ಎಂದ ಆ ಮಾತು ಈಗಲೂ ಸರಿಯಾಗಿಯೇ ಇದೆ.

ಅಡುಗೆ ಎಣ್ಣೆಯ ಐದು ಲೀಟರ್ ಕ್ಯಾನ್ ಈ ಊರುಗಳಲ್ಲಿ ಎಲ್ಲಕ್ಕೂ ಒದಗುವ ಪಾತ್ರೆ. ಎಣ್ಣೆಯನ್ನು ಅದು ತಿಂಗಳುಗಟ್ಟಲೆ ತಡೆಯುತ್ತದೆ. ಆದರೆ ಪೆಟ್ರೋಲಿನ ಸಣ್ಣ ಅಣುಗಳು ಆ ತೆಳು ಗೋಡೆಯೊಳಕ್ಕೆ ಇಳಿದು ಆಚೆ ಬದಿಯಿಂದ ಹೊರಬೀಳುತ್ತವೆ. ಮುಚ್ಚಳ ಬಿಗಿಯಾಗಿದ್ದರೂ ಕೋಣೆಯಲ್ಲಿ ಬೆಳಿಗ್ಗೆ ವಾಸನೆ ಬರುವುದು ಇದರಿಂದಲೇ. ಗೋಡೆ ಮೆತ್ತಗಾಗಿ ಉಬ್ಬುತ್ತದೆ, ಮುಚ್ಚಳದ ಎಳೆ ಸಡಿಲವಾಗುತ್ತದೆ. ನೀರಿನ ಇಪ್ಪತ್ತು ಲೀಟರಿನ ಪಾರದರ್ಶಕ ಜಾರ್ ಇನ್ನೂ ಕೆಟ್ಟದ್ದು, ಪೆಟ್ರೋಲ್ ತಾಗಿದರೆ ಅದು ಸಣ್ಣಗೆ ಸೀಳುಬಿಡಬಹುದು. ತಂಪುಪಾನೀಯದ ಬಾಟಲಿ ಕರಗುವುದಿಲ್ಲವಾದರೂ ಅದರ ಅಪಾಯ ಬೇರೆಯೇ. ಕುಡಿಯುವ ವಸ್ತುವಿನ ಬಾಟಲಿ ಅದು, ಮಕ್ಕಳ ಕೈಗೆ ಸಿಗುತ್ತದೆ. ಬೇರೆ ದೇಶಗಳಲ್ಲಿ ಇಂಧನಕ್ಕೆಂದೇ ತಯಾರಾಗುವ ಪ್ಲಾಸ್ಟಿಕ್ ಕ್ಯಾನುಗಳಿವೆ, ನಿಜ. ಅವುಗಳ ಗೋಡೆ ದಪ್ಪ, ಒಳಗೆ ಪೆಟ್ರೋಲ್ ನುಸುಳದಂತೆ ತಡೆಯುವ ಬೇರೊಂದು ಪದರವಿರುತ್ತದೆ. ಅದನ್ನು ನೋಡಿ ಎಣ್ಣೆ ಕ್ಯಾನಿಗೆ ಧೈರ್ಯ ಹೇಳಬಾರದು.

ಲೋಹದಲ್ಲೂ ಎಲ್ಲವೂ ಒಂದೇ ಅಲ್ಲ. ನಮ್ಮ ಅಜ್ಜಂದಿರ ಕಾಲದ ಸೀಮೆಎಣ್ಣೆ ಡಬ್ಬ ತೆಳು ತಗಡಿನದು, ನಾಲ್ಕು ಗ್ಯಾಲನ್, ಅಂದರೆ ಹದಿನೆಂಟು ಲೀಟರ್ ಹಿಡಿಸುವಂಥದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಬ್ರಿಟಿಷ್ ಸೇನೆ ಇಂಥದೇ ತಗಡಿನ ಡಬ್ಬಗಳಲ್ಲಿ ಪೆಟ್ರೋಲ್ ಸಾಗಿಸುತ್ತಿತ್ತು. ಲಾರಿಯ ಕುಲುಕಾಟಕ್ಕೆ ಅವುಗಳ ಬೆಸುಗೆ ಬಿಟ್ಟು ದಾರಿಯುದ್ದಕ್ಕೂ ಸೋರುತ್ತಿದ್ದವು. ಎದುರಾಳಿ ಜರ್ಮನರ ಬಳಿ ಬೇರೆಯೇ ಪಾತ್ರೆಯಿತ್ತು. 1937ರ ಹೊತ್ತಿಗೆ ವಿನ್ಸೆಂಟ್ಸ್ ಗ್ರ್ಯೂನ್‌ಫೋಗೆಲ್ ಎಂಬ ಎಂಜಿನಿಯರ್ ರೂಪಿಸಿದ 20 ಲೀಟರಿನ ಉಕ್ಕಿನ ಕ್ಯಾನ್ ಅದು. ಎರಡೇ ಅಚ್ಚೊತ್ತಿದ ತಗಡು, ನಡುವೆ ಒಳಸರಿದ ಒಂದೇ ಬೆಸುಗೆ. ಸ್ಕ್ರೂ ಮುಚ್ಚಳದ ಬದಲು ಸನ್ನೆಯಿಂದ ಅದುಮಿ ಕೂರಿಸುವ ಮುಚ್ಚಳ. ಇಬ್ಬರು ಹಿಡಿದು ಒಯ್ಯಲೆಂದು ಮೂರು ಹಿಡಿಕೆ. ಹಿಡಿಕೆಯ ಕೆಳಗೊಂದು ಗೂನು, ಪೂರ್ತಿ ತುಂಬಿದರೂ ಅಲ್ಲಿ ಗಾಳಿ ಉಳಿಯುತ್ತದೆ. 1939ರಲ್ಲಿ ಪಾಲ್ ಪ್ಲೈಸ್ ಎಂಬ ಅಮೆರಿಕದ ಎಂಜಿನಿಯರ್ ಜರ್ಮನ್ ಗೆಳೆಯನೊಂದಿಗೆ ಬರ್ಲಿನ್ನಿನಿಂದ ಭಾರತಕ್ಕೆ ಕಾರಿನಲ್ಲಿ ಹೊರಟಾಗ ಇಂಥ ಮೂರು ಕ್ಯಾನುಗಳು ಜೊತೆಗಿದ್ದವು. ಅದರ ಗುಟ್ಟು ಹೊರಜಗತ್ತಿಗೆ ಮೊದಲು ತಿಳಿದದ್ದು ಆ ಪ್ರಯಾಣದಿಂದ. ಜರ್ಮನರನ್ನು ಬ್ರಿಟಿಷರು 'ಜೆರ್ರಿ' ಎನ್ನುತ್ತಿದ್ದರು. ಜೆರ್ರಿಕ್ಯಾನ್ ಎಂಬ ಹೆಸರು ಹಾಗೆ ಬಂತು.

ಆ ಗೂನು ಅಲಂಕಾರಕ್ಕೆ ಮಾಡಿದ್ದಲ್ಲ. ಒಂದು ಡಿಗ್ರಿ ಬಿಸಿ ಏರಿದರೆ ಪೆಟ್ರೋಲ್ ಸಾವಿರಕ್ಕೆ ಒಂದು ಪಾಲು ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ಕಂಠಮಟ್ಟ ತುಂಬಿಸಿದ 20 ಲೀಟರಿನ ಕ್ಯಾನ್ ಮೇ ತಿಂಗಳ ಮಧ್ಯಾಹ್ನ ತಗಡಿನ ಮಾಡಿನಡಿ ಇಪ್ಪತ್ತು ಡಿಗ್ರಿ ಹೆಚ್ಚು ಕಾದರೆ, ಒಳಗಿನ ಪೆಟ್ರೋಲಿಗೆ ಇನ್ನೂ 400 ಮಿಲಿಲೀಟರ್ ಜಾಗ ಬೇಕು. ಜಾಗ ಇಲ್ಲದಿದ್ದರೆ ಅದು ಮುಚ್ಚಳವನ್ನೇ ತಳ್ಳುತ್ತದೆ. ಹಾಗಾಗಿ ಯಾವ ಕ್ಯಾನನ್ನೂ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ತುಂಬಬಾರದು. ಬದಿಗಳು ಉಬ್ಬಿದ ಕ್ಯಾನನ್ನು ತೆರೆಯುವಾಗ ಮುಚ್ಚಳ ನಿಧಾನ ಸಡಿಲಿಸಿ, ಉಸ್ಸೆಂಬ ಸದ್ದು ನಿಂತ ಮೇಲೆ ತೆಗೆಯಬೇಕು.

ಕೊಳ್ಳುವಾಗ ಅನುಮೋದಿತ ಉಕ್ಕಿನ ಕ್ಯಾನನ್ನೇ ಕೇಳಿ ಕೊಳ್ಳಬೇಕು. ಬಂಕಿನಲ್ಲಿ ಅದನ್ನು ಜೀಪಿನ ಹಿಂಭಾಗದಲ್ಲೋ ಬೈಕಿನ ಸೀಟಿನ ಮೇಲೋ ಇಟ್ಟು ತುಂಬಿಸಬಾರದು. ಹರಿಯುವ ಪೆಟ್ರೋಲ್ ಸ್ಥಾಯಿ ವಿದ್ಯುತ್ ಹುಟ್ಟಿಸುತ್ತದೆ. ಕ್ಯಾನನ್ನು ನೆಲದ ಮೇಲಿಟ್ಟು, ನಳಿಗೆಯನ್ನು ಅದರ ಬಾಯಿಗೆ ತಾಗಿಸಿ ಹಿಡಿದರೆ ಆ ವಿದ್ಯುತ್ ಕಿಡಿಯಾಗದೆ ನೆಲಕ್ಕಿಳಿದು ಹೋಗುತ್ತದೆ. ರಬ್ಬರ್ ಚಾಪೆಯ ಮೇಲಿಟ್ಟ ಕ್ಯಾನಿಗೆ ಆ ದಾರಿ ಇರುವುದಿಲ್ಲ.

ಪೆಟ್ರೋಲ್ ಎಷ್ಟು ದಿನ ತಾಜಾ ಇರುತ್ತದೆ ಎನ್ನುವುದಕ್ಕೆ ಒಂದೇ ಉತ್ತರವಿಲ್ಲ, ಏಕೆಂದರೆ ಅದು ಕೆಡುವ ದಾರಿಗಳು ಮೂರು. ಮೊದಲನೆಯದು ಹಗುರ ಅಂಶ ಹಾರಿಹೋಗುವುದು. ತಣ್ಣಗಿನ ಎಂಜಿನ್ ಮೊದಲ ಎಳೆತಕ್ಕೆ ಹೊತ್ತುವುದು ಬ್ಯೂಟೇನ್, ಪೆಂಟೇನ್‌ಗಳಂಥ ಚುರುಕು ಅಂಶಗಳ ಬಲದಿಂದ. ಮುಚ್ಚಳ ಸಡಿಲವಿದ್ದರೆ ಮೊದಲು ಹೊರಟುಹೋಗುವುದೂ ಅವೇ. ಉಳಿದದ್ದು ಉರಿಯುತ್ತದೆ, ಆದರೆ ಹಗ್ಗ ಹತ್ತು ಸಲ ಎಳೆಯಬೇಕಾಗುತ್ತದೆ.

ಎರಡನೆಯದು ಅಂಟು. ಪೆಟ್ರೋಲಿನ ಕೆಲವು ಅಣುಗಳು ಗಾಳಿಯ ಆಮ್ಲಜನಕದೊಂದಿಗೆ ಮೆಲ್ಲಗೆ ಸೇರಿ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಹಲಸಿನ ಮೇಣದಂಥ ಜಿಗುಟಾಗುತ್ತವೆ. ಕಾರ್ಖಾನೆಯಲ್ಲಿ ಇದಕ್ಕೊಂದು ಪರೀಕ್ಷೆಯಿದೆ. ಗಟ್ಟಿ ಉಕ್ಕಿನ ಪಾತ್ರೆಯಲ್ಲಿ ಪೆಟ್ರೋಲಿಟ್ಟು, ಒತ್ತಡದಲ್ಲಿ ಆಮ್ಲಜನಕ ತುಂಬಿ, ನೂರು ಡಿಗ್ರಿಗೆ ಕಾಯಿಸಿ ಕಾಯುತ್ತಾರೆ. ಪೆಟ್ರೋಲ್ ಆಮ್ಲಜನಕವನ್ನು ನುಂಗತೊಡಗಿದರೆ ಒತ್ತಡ ಇಳಿಯುತ್ತದೆ. ಭಾರತೀಯ ಮಾನದಂಡದ ಪ್ರಕಾರ ಕನಿಷ್ಠ 360 ನಿಮಿಷ ಅದು ಇಳಿಯಬಾರದು. ನೂರು ಡಿಗ್ರಿಯ ಆರು ಗಂಟೆ ಮನೆಯ ತಂಪಿನಲ್ಲಿ ಹಲವು ತಿಂಗಳಾಗಿ ಹಿಗ್ಗುತ್ತದೆ. ಹತ್ತು ಡಿಗ್ರಿ ಬಿಸಿ ಹೆಚ್ಚಿದರೆ ಇಂಥ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ. ನೆರಳಿನ ಬೆಲೆ ತಿಳಿಯಲು ಇಷ್ಟು ಸಾಕು.

ಮೂರನೆಯದು ನೀರು. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ 20 ಎಥೆನಾಲ್ ಬೆರೆತ ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದರು, ಎರಡೇ ವರ್ಷದಲ್ಲಿ ಅದು ದೇಶದ ಬಂಕುಗಳಿಗೆಲ್ಲ ಹರಡಿತು. ಎಥೆನಾಲ್ ನೀರನ್ನು ಹೀರುತ್ತದೆ. ಹೀರುವ ಮಿತಿ ಮೀರಿದರೆ ಎಥೆನಾಲೂ ನೀರೂ ಜೊತೆಯಾಗಿ ಪೆಟ್ರೋಲನ್ನು ಬಿಟ್ಟು ತಳಕ್ಕಿಳಿಯುತ್ತವೆ. ಎಂಜಿನ್ ಎಳೆದುಕೊಳ್ಳುವುದು ತಳದಿಂದ. ಅದಕ್ಕೆ ಹೋಗುವುದು ಉರಿಯದ ಆ ನೀರು ಬೆರೆತ ಪದರ.

ಮಲೆನಾಡಿನ ತೇವದ ಗಾಳಿಯೇ ಕ್ಯಾನಿನ ಪೆಟ್ರೋಲನ್ನು ಕೆಡಿಸುತ್ತದೆ ಎಂಬ ಮಾತು ಇದರಿಂದ ಹಬ್ಬಿದೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಹತ್ತು ಲೀಟರಿನ ಕ್ಯಾನ್ ಅರ್ಧ ಖಾಲಿಯಿದೆ ಎನ್ನೋಣ. ಒಳಗಿನ ಐದು ಲೀಟರ್ ಗಾಳಿ 25 ಡಿಗ್ರಿಯಲ್ಲಿ ತೇವದಿಂದ ತುಂಬಿ ತುಳುಕಿದರೂ ಅದರಲ್ಲಿರುವ ನೀರು ಒಂದು ಗ್ರಾಮಿನ ಹತ್ತನೇ ಒಂದು ಪಾಲಿಗಿಂತ ತುಸು ಹೆಚ್ಚು. ದಿನವೂ ಆ ಗಾಳಿ ಪೂರ್ತಿ ಬದಲಾದರೂ ನೂರು ದಿನಕ್ಕೆ ಸೇರುವುದು ಒಂದು ದೊಡ್ಡ ಚಮಚದಷ್ಟು. ಭದ್ರ ಮುಚ್ಚಳವಿದ್ದರೆ ಅದರ ಅಲ್ಪ ಪಾಲೂ ಸೇರದು. ಶೇ 10 ಎಥೆನಾಲಿನ ಪೆಟ್ರೋಲೇ ಸಾವಿರಕ್ಕೆ ನಾಲ್ಕೈದು ಪಾಲು ನೀರು ತಡೆದುಕೊಳ್ಳುತ್ತದೆ, ಶೇ 20ರದ್ದು ಅದಕ್ಕಿಂತ ಹೆಚ್ಚು. ಐದು ಲೀಟರ್ ಪೆಟ್ರೋಲ್ ಒಡೆಯಲು ಎರಡು ಚಮಚಕ್ಕೂ ಮೀರಿದ ನೀರು ಬೇಕು. ಅಷ್ಟು ನೀರು ಬರುವುದು ಗಾಳಿಯಿಂದಲ್ಲ. ಹೊರಗೆ ನೇತುಹಾಕಿದ್ದ ಒದ್ದೆ ಆಲಿಕೆಯಿಂದ, ಕ್ಯಾನಿನ ತಲೆಯ ಮೇಲೆ ನಿಂತ ಮಳೆನೀರಿನಿಂದ, ಸುರಿಯುವ ಮಳೆಯಲ್ಲಿ ಛತ್ರಿ ಹಿಡಿದು ಟ್ಯಾಂಕಿಗೆ ಪೆಟ್ರೋಲ್ ಹಾಕುವುದರಿಂದ ಬರುತ್ತದೆ. ಆಲಿಕೆಯನ್ನು ಒರೆಸಿ ಹಾಕುವುದು ಎಷ್ಟು ದೊಡ್ಡ ರಕ್ಷಣೆ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಸಂಶಯ ಬಂದರೆ ಬಯಲಲ್ಲಿ, ಗಾಜಿನ ಸೀಸೆಗೆ ಕ್ಯಾನಿನ ತಳದ ಪೆಟ್ರೋಲ್ ಸ್ವಲ್ಪ ಬಗ್ಗಿಸಿ ಹತ್ತು ನಿಮಿಷ ಬಿಟ್ಟು ನೋಡಬೇಕು. ತಳದಲ್ಲಿ ಬೇರೆ ಪದರ ಕಂಡರೆ ಅಥವಾ ಇಡೀ ದ್ರವ ಮಬ್ಬಾಗಿದ್ದರೆ ನೀರು ಸೇರಿದೆ. ಬಣ್ಣ ಕಂದಿ, ಬಣ್ಣದ ಡಬ್ಬದಂಥ ಹುಳಿ ವಾಸನೆ ಬಂದರೆ ಅಂಟಾಗಿದೆ. ಅಂಥದ್ದನ್ನು ತೋಟಕ್ಕೆ ಚೆಲ್ಲದೆ, ಹಳ್ಳಕ್ಕೆ ಸುರಿಯದೆ, ಭಾಗ ತೊಳೆಯಲು ಬಳಸುವ ಗ್ಯಾರೇಜಿಗೆ ಕೊಡುವುದು ಸರಿ.

ಈ ಮೂರನ್ನೂ ಕೂಡಿಸಿ ಹೇಳುವುದಾದರೆ, ನೆರಳಿನಲ್ಲಿಟ್ಟ ಭದ್ರ ಉಕ್ಕಿನ ಕ್ಯಾನಿನಲ್ಲಿ ಎಥೆನಾಲ್ ಬೆರೆತ ಪೆಟ್ರೋಲನ್ನು ಮೂರು ತಿಂಗಳವರೆಗೆ ನೆಚ್ಚಬಹುದು. ಜನರೇಟರಿನ ಟ್ಯಾಂಕಿನಲ್ಲಾದರೆ ಒಂದು ತಿಂಗಳು. ಕಾರ್ಬ್ಯುರೇಟರಿನಲ್ಲಿ ಅದಕ್ಕೂ ಕಡಿಮೆ. ಹೆಚ್ಚಿನವರು ಕ್ಯಾನಿನ ಬಗ್ಗೆ ಚಿಂತಿಸುತ್ತಾರೆ, ಆದರೆ ಯಂತ್ರ ಕೈಕೊಡುವುದು ಕಾರ್ಬ್ಯುರೇಟರಿನಿಂದ. ಅದರ ಬಟ್ಟಲಿನಲ್ಲಿ ನಿಲ್ಲುವುದು ಒಂದು ಕಾಫಿ ಲೋಟಕ್ಕಿಂತ ಕಡಿಮೆ ಪೆಟ್ರೋಲ್, ಅದೂ ಗಾಳಿಗೆ ತೆರೆದಂತೆ. ಅದು ಆರಿ ಉಳಿದ ಅಂಟು ಮಿಲಿಮೀಟರಿಗಿಂತ ಕಿರಿದಾದ ರಂಧ್ರದಲ್ಲಿ ಕೂರುತ್ತದೆ. ಚಾಲೂ ಆದ ಎಂಜಿನ್ ಚೋಕ್ ಒಳತಳ್ಳಿದೊಡನೆ ಸಾಯುತ್ತಿದ್ದರೆ ಈ ರಂಧ್ರವನ್ನೇ ಮೊದಲು ಸಂಶಯಿಸಬೇಕು. ತಡೆಯುವ ಉಪಾಯ ಸುಲಭ: ನಿಲ್ಲಿಸುವಾಗ ಸ್ವಿಚ್ ಒತ್ತದೆ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನೇ ಆರುವವರೆಗೆ ಬಿಡುವುದು.

ಈಗ ಹುಲಗೋಳದಂಥ ಊರಿನ ಒಂದು ಮನೆಯ ಲೆಕ್ಕ. ಎರಡು ಕೆವಿಎ ಜನರೇಟರ್. ಬೆಳಿಗ್ಗೆ ಮಿಕ್ಸರಿಗೆ, ಟ್ಯಾಂಕಿಗೆ ನೀರೆತ್ತಲು ಒಂದು ಗಂಟೆ. ಸಂಜೆ ದೀಪ, ಫ್ರಿಜ್, ಫೋನುಗಳಿಗೆ ಎರಡು ಗಂಟೆ. ಅರ್ಧ ಹೊರೆಯಲ್ಲಿ ಗಂಟೆಗೆ ಮುಕ್ಕಾಲು ಲೀಟರ್ ಎಂದರೆ ದಿನಕ್ಕೆ ಎರಡೂಕಾಲು ಲೀಟರ್. ನಾಲ್ಕು ದಿನ ಕರೆಂಟಿಲ್ಲದೆ ಇದ್ದರೂ ಒಂಬತ್ತು ಲೀಟರ್ ಸಾಕು. ಐದು ಲೀಟರಿನ ಎರಡು ಉಕ್ಕಿನ ಕ್ಯಾನುಗಳಲ್ಲಿ, ಮೇಲೆ ಒಂದಿಷ್ಟು ಜಾಗ ಬಿಟ್ಟರೂ, ಅದು ಹಿಡಿಸುತ್ತದೆ. ಕಾಯ್ದೆಯ 30 ಲೀಟರಿನ ಹತ್ತಿರಕ್ಕೂ ಹೋಗಬೇಕಿಲ್ಲ. ಒಂದು ದೊಡ್ಡ ಕ್ಯಾನಿಗಿಂತ ಎರಡು ಸಣ್ಣವೇ ಮೇಲು. ಒಂದನ್ನು ತೆರೆದಾಗ ಇನ್ನೊಂದು ಮುಚ್ಚಿಯೇ ಇರುತ್ತದೆ, ಮತ್ತು ವಯಸ್ಸಾದವರೂ ಚೆಲ್ಲದೆ ಎತ್ತಬಲ್ಲರು.

ಮೇ ಕೊನೆಯ ವಾರ ಎರಡನ್ನೂ ತುಂಬಿಸಿ, ಬಣ್ಣದಿಂದ ತಾರೀಕು ಬರೆದು, ಮರದ ಹಲಗೆಯ ಮೇಲಿಡುವುದು. ಜುಲೈ ನಡುವೆ ಬಿಸಿಲು ಕಂಡ ದಿನ ಉಳಿದದ್ದನ್ನು ಬೈಕಿಗೆ ಹಾಕಿ ಮತ್ತೆ ತುಂಬಿಸುವುದು. ಆಗಸ್ಟ್ ಕೊನೆಗೆ ಇನ್ನೊಮ್ಮೆ. ಹೀಗೆ ಮಾಡಿದರೆ ಕ್ಯಾನಿನಲ್ಲಿ ಮೂರು ತಿಂಗಳಿಗಿಂತ ಹಳೆಯ ಪೆಟ್ರೋಲ್ ಇರುವುದೇ ಇಲ್ಲ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಆಯಿಲ್ ಬೆರೆಸಿದ ಪೆಟ್ರೋಲಿಗೆ ಬೇರೆ ಬಣ್ಣ ಬಳಿದ ಕ್ಯಾನ್ ಬೇಕು. ಕತ್ತಲಲ್ಲಿ ಅದನ್ನು ಜನರೇಟರಿಗೆ ಹಾಕಿದರೆ ಹೊಗೆ ಬರುತ್ತದೆ, ಸ್ಪಾರ್ಕ್ ಪ್ಲಗ್ ಮಸಿಗಟ್ಟುತ್ತದೆ.

ಬೈಕಿಗೆ ಬಗ್ಗಿಸುವಾಗ ಪೈಪಿಗೆ ಬಾಯಿ ಹಾಕಿ ಎಳೆಯುವ ಅಭ್ಯಾಸ ಹಳ್ಳಿಗಳಲ್ಲಿ ಇನ್ನೂ ಇದೆ. ಅದರಷ್ಟು ಕೆಟ್ಟ ಅಭ್ಯಾಸ ಇನ್ನೊಂದಿಲ್ಲ. ಒಂದು ಗುಟುಕು ಹೊಟ್ಟೆಗೆ ಹೋದರೆ ಆಗುವುದಕ್ಕಿಂತ ನಾಲ್ಕು ಹನಿ ಶ್ವಾಸಕೋಶಕ್ಕೆ ಇಳಿದರೆ ಆಗುವ ಹಾನಿ ಹೆಚ್ಚು, ನ್ಯುಮೋನಿಯಾದಂತೆ ಉರಿಯೂತ ಹಿಡಿಯುತ್ತದೆ. ನುಂಗಿದವರಿಗೆ ವಾಂತಿ ಮಾಡಿಸಲೇಬಾರದು. ಮೇಲೆ ಬರುವಾಗ ಅದು ಮತ್ತೆ ಶ್ವಾಸನಾಳಕ್ಕೆ ನುಗ್ಗುತ್ತದೆ. ನೇರ ಆಸ್ಪತ್ರೆಗೆ ಒಯ್ಯಬೇಕು. ಕೈಪಂಪು ಅಥವಾ ಕ್ಯಾನಿಗೆ ಕೂರುವ ಮೂತಿ ಇದ್ದರೆ ಬಾಯಿಯ ಮಾತೇ ಬರುವುದಿಲ್ಲ.

ಓಡುತ್ತಿರುವ ಜನರೇಟರಿಗೆ ಪೆಟ್ರೋಲ್ ಹಾಕಬಾರದು. ನಿಲ್ಲಿಸಿ ಕಾಲು ಗಂಟೆಯಾದರೂ ತಣಿಯಲು ಬಿಡಬೇಕು, ಸೈಲೆನ್ಸರಿನ ಕಾವಿಗೇ ಆವಿ ಹೊತ್ತಬಹುದು. ಹತ್ತಿರ ಒಂದು ಬಕೆಟ್ ಒಣ ಮರಳಿರಲಿ. ಉರಿಯುವ ಪೆಟ್ರೋಲಿಗೆ ನೀರು ಎರಚಿದರೆ ಅದು ನೀರಿನ ಮೇಲೆ ತೇಲುತ್ತ ಬೆಂಕಿಯನ್ನು ಅಂಗಳದುದ್ದಕ್ಕೂ ಒಯ್ಯುತ್ತದೆ.

ದೀಪಾವಳಿಯ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ, ಕೊನೆಕೊಯ್ಲಿನ ಸಿದ್ಧತೆ ಶುರುವಾಗುತ್ತದೆ. ಆಗ ಎರಡೂ ಕ್ಯಾನುಗಳನ್ನು ಬೈಕಿಗೆ ಬರಿದು ಮಾಡಿ, ಜನರೇಟರಿನ ಟ್ಯಾಂಕಿನದನ್ನೂ ಬಗ್ಗಿಸಿ, ಕಾಕ್ ಮುಚ್ಚಿ ಎಂಜಿನ್ ಆರುವವರೆಗೆ ಓಡಿಸಿ ಮುಚ್ಚಿಡುವುದು. ಖಾಲಿ ಕ್ಯಾನನ್ನು ಮಾತ್ರ ಬಚ್ಚಲ ಮೂಲೆಗೆ ತರಬಾರದು. ತುಂಬಿದ ಕ್ಯಾನಿನೊಳಗೆ ಗಾಳಿ ಕಡಿಮೆ, ಆವಿ ದಟ್ಟ. ಖಾಲಿಯಾದ ಕ್ಯಾನಿನ ಗೋಡೆಗೆ ಅಂಟಿದ ಹನಿಗಳ ಆವಿ ಒಳನುಗ್ಗಿದ ಗಾಳಿಯೊಂದಿಗೆ ಬೆರೆತು ಸ್ಫೋಟದ ಹದಕ್ಕೆ ಬರಬಲ್ಲದು. ಬಾಯಿ ತೆರೆದು, ಬಯಲಿನ ನೆರಳಿನಲ್ಲಿ ಎರಡು ಮೂರು ದಿನ ಬೋರಲು ಹಾಕಿ ವಾಸನೆ ಪೂರ್ತಿ ಹೋದ ಮೇಲೆ ಅದನ್ನು ಅದೇ ಕೆಳಗಿನ ಮಾಡಿನಲ್ಲಿ, ಮುಂದಿನ ಮೇ ತಿಂಗಳವರೆಗೆ ಇಡಬಹುದು.